ರೀಫಂಡ್ ನಿಗದಿಯಾಗಿದೆ, ಹಣ ಎಲ್ಲಿ ನಿಂತಿದೆ?

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರ ಲೆಕ್ಕ ಇದು. 2024-25ನೇ ಸಾಲಿನಲ್ಲಿ ಅವರಿಗೆ ಬಂದ ಪಿಂಚಣಿ 4,90,000 ರೂಪಾಯಿ, ಠೇವಣಿಗಳ ಮೇಲಿನ ಬಡ್ಡಿ 1,84,000 ರೂಪಾಯಿ. ಹದಿನೈದು ಎಚ್ ನಮೂನೆಯನ್ನು ಬ್ಯಾಂಕಿಗೆ ಕೊಡುವುದು ತಪ್ಪಿಹೋಗಿದ್ದರಿಂದ ಬಡ್ಡಿಯಲ್ಲಿ ಶೇಕಡಾ 10, ಅಂದರೆ 18,400 ರೂಪಾಯಿ, ಟಿಡಿಎಸ್ ಎಂದು ಮುರಿದುಕೊಂಡಿದ್ದರು. ಪಿಂಚಣಿಗೆ ಸಿಗುವ 75,000 ರೂಪಾಯಿಯ ಕಡಿತ ಕಳೆದರೆ ಅವರ ಆದಾಯ 6 ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಆ ವರ್ಷದ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ತೆರಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಮುರಿದುಕೊಂಡ ಹಣವಷ್ಟೂ ವಾಪಸು ಬರಬೇಕು.

ಆಗಸ್ಟ್ 20ರಂದು ಮಗ ರಿಟರ್ನ್ ಸಲ್ಲಿಸಿ, ಆಧಾರ್ ಒಟಿಪಿಯಿಂದ ಅಂದೇ ದೃಢೀಕರಿಸಿದ. ಅಕ್ಟೋಬರ್ 10ರಂದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ, ಎಂದರೆ ಎಲ್ಲರೂ ಸಿಪಿಸಿ ಎನ್ನುವ ಕಚೇರಿಯಿಂದ, ಇಮೇಲ್‌ನಲ್ಲಿ ಸೂಚನಾಪತ್ರ ಬಂತು. ಲೆಕ್ಕ ಒಪ್ಪಿದ್ದಾರೆ. 18,400ರ ಮೇಲೆ 644 ರೂಪಾಯಿ ಬಡ್ಡಿ ಸೇರಿಸಿ ಒಟ್ಟು 19,044 ರೂಪಾಯಿ ಎಂದು ನಿಗದಿ ಮಾಡಿದ್ದಾರೆ. ಅಕ್ಟೋಬರ್ ಮುಗಿಯಿತು, ದೀಪಾವಳಿ ಕಳೆಯಿತು, ನವೆಂಬರ್ ಕೊನೆಗೆ ಬಂತು. ಪಾಸ್‌ಬುಕ್ಕಿನಲ್ಲಿ ಮಾತ್ರ ಏನೂ ಬಿದ್ದಿರಲಿಲ್ಲ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಆಡಿಟರಿಗೆ ಫೋನ್ ಮಾಡುತ್ತಾರೆ, ಅವರು "ಬರುತ್ತೆ, ಸ್ವಲ್ಪ ಕಾಯಿರಿ" ಎನ್ನುತ್ತಾರೆ. ಕಾಯುವುದು ಕೆಲವೊಮ್ಮೆ ಸರಿ. ದೃಢೀಕರಣ ಆದ ಮೇಲೆ ನಾಲ್ಕೈದು ವಾರ ಹಿಡಿಯುವುದು ಸಾಮಾನ್ಯ ಎಂದು ಇಲಾಖೆಯೇ ಹೇಳುತ್ತದೆ. ಆದರೆ ಸೂಚನಾಪತ್ರ ಕೈಗೆ ಬಂದು ತಿಂಗಳು ಕಳೆದ ಮೇಲೂ ಸುಮ್ಮನೆ ಕಾದರೆ ಹಣ ತಾನಾಗಿ ಬರುವುದು ಅನುಮಾನ. ಒಮ್ಮೆ ಖಾತೆಗೆ ಹೋಗಲಾರದೆ ಹಿಂತಿರುಗಿದ ರೀಫಂಡ್, ನಾವು ಮತ್ತೆ ಕೇಳುವವರೆಗೆ ಅಲ್ಲೇ ಇರುತ್ತದೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಹಣ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು. ಯಾರ ಬಾಗಿಲು ತಟ್ಟಬೇಕು ಎಂಬುದು ಅದರ ಮೇಲೆ ನಿಂತಿದೆ.

ನಿಗದಿಯಾಗುವುದು ಎಂದರೆ ಸಿಪಿಸಿ ನಮ್ಮ ಲೆಕ್ಕವನ್ನು ಒಪ್ಪಿ, ಇಷ್ಟು ಹಣ ಕೊಡಬೇಕಿದೆ ಎಂದು ಬರೆದುಕೊಂಡಿತು ಎಂದಷ್ಟೇ. ಸಿಪಿಸಿ ತಾನೇ ಹಣ ಹಾಕುವುದಿಲ್ಲ. ಆದೇಶ ಅಲ್ಲಿಂದ ರೀಫಂಡ್ ಬ್ಯಾಂಕರ್‌ಗೆ, ಅಂದರೆ ಭಾರತೀಯ ಸ್ಟೇಟ್ ಬ್ಯಾಂಕಿಗೆ ಹೋಗುತ್ತದೆ. ಸ್ಟೇಟ್ ಬ್ಯಾಂಕು ಆ ಹಣವನ್ನು ನಾವು ಹೇಳಿದ ಬ್ಯಾಂಕಿನ ಖಾತೆಗೆ ಕಳಿಸುತ್ತದೆ. 2019ರ ಮಾರ್ಚ್ 1ರಿಂದ ಚೆಕ್ಕಿನಲ್ಲಿ ರೀಫಂಡ್ ಕೊಡುವುದು ನಿಂತಿದೆ. ಪ್ಯಾನ್ ಜೋಡಿಸಿರುವ, ಪೋರ್ಟಲ್‌ನಲ್ಲಿ ಮೊದಲೇ ಪರಿಶೀಲನೆಯಾದ ಖಾತೆಗೆ ಮಾತ್ರ ಹಣ ಹೋಗುತ್ತದೆ. ನಮ್ಮ ಸ್ವಂತ ಬ್ಯಾಂಕು ಈ ಸಾಲಿನಲ್ಲಿ ಕಡೆಯದು. ಹೆಚ್ಚಿನ ತೊಡಕು ಆಗುವುದು ಅಲ್ಲೇ, ಅಥವಾ ಅಲ್ಲಿಗೆ ಹೋಗುವ ಮೊದಲಿನ ಪರಿಶೀಲನೆಯಲ್ಲಿ.

ಹಂತ ತಿಳಿಯುವುದು ಹೇಗೆ

ಇಲಾಖೆಯ ಪೋರ್ಟಲ್‌ಗೆ ಪ್ಯಾನ್ ಮತ್ತು ಪಾಸ್‌ವರ್ಡ್ ಹಾಕಿ ಒಳಹೋಗಿ, e-File ಪಟ್ಟಿಯಲ್ಲಿ Income Tax Returns, ಅದರೊಳಗೆ View Filed Returns ತೆರೆಯಬೇಕು. ಆ ವರ್ಷದ ರಿಟರ್ನ್ ಎದುರಿನ View Details ಒತ್ತಿದರೆ ಸಲ್ಲಿಕೆ, ದೃಢೀಕರಣ, ಸಂಸ್ಕರಣೆ, ರೀಫಂಡ್ ಎಲ್ಲವೂ ದಿನಾಂಕದೊಂದಿಗೆ ಮೇಲಿಂದ ಕೆಳಗೆ ಕಾಣುತ್ತವೆ. ಸೂಚನಾಪತ್ರದ ಪಿಡಿಎಫ್ ಕೂಡ ಅಲ್ಲೇ ಇಳಿಸಿಕೊಳ್ಳಬಹುದು. ಅದನ್ನು ತೆರೆಯಲು ಪಾಸ್‌ವರ್ಡ್ ಕೇಳುತ್ತದೆ: ಪ್ಯಾನ್ ಸಣ್ಣಕ್ಷರದಲ್ಲಿ, ಅದಕ್ಕೆ ಅಂಟಿಕೊಂಡಂತೆ ಹುಟ್ಟಿದ ದಿನಾಂಕ ಎಂಟು ಅಂಕಿಯಲ್ಲಿ. ಪ್ಯಾನ್ ABCDE1234F, ಹುಟ್ಟಿದ್ದು 1958ರ ಆಗಸ್ಟ್ 15 ಎಂದಾದರೆ ಪಾಸ್‌ವರ್ಡ್ abcde1234f15081958.

ಈ ಪತ್ರವನ್ನು ನಿಧಾನವಾಗಿ ಓದಬೇಕು. ಎರಡು ಕಲಂಗಳಲ್ಲಿ ಒಂದು ನಾವು ಹೇಳಿದ ಲೆಕ್ಕ, ಇನ್ನೊಂದು ಇಲಾಖೆ ಹಾಕಿದ ಲೆಕ್ಕ. ಕೊನೆಯಲ್ಲಿ ನಿವ್ವಳ ಎಷ್ಟು ಕೊಡಬೇಕಿದೆ ಎಂಬುದು ಇರುತ್ತದೆ. ಅಲ್ಲಿನ ಮೊತ್ತ 100 ರೂಪಾಯಿಗಿಂತ ಕಡಿಮೆಯಿದ್ದರೆ ಖಾತೆಗೆ ಬರುವುದೇ ಇಲ್ಲ. ಹಿಂದಿನ ಯಾವುದೋ ವರ್ಷದ ಬಾಕಿಗೆ ಹಣವನ್ನು ಹೊಂದಿಸಿಕೊಂಡಿದ್ದರೆ ಅದೂ ಪತ್ರದಲ್ಲಿ ತಿಳಿಯುತ್ತದೆ.

ಪೋರ್ಟಲ್‌ನಲ್ಲಿ ಹಣ ರೀಫಂಡ್ ಬ್ಯಾಂಕರ್‌ಗೆ ಹೋಗಿದೆ ಎಂದಿದ್ದರೆ ಕೆಲವು ದಿನ ಕಾಯುವುದರಲ್ಲಿ ಅರ್ಥವಿದೆ. ಹಣ ಪಾವತಿಯಾಗಿದೆ ಎಂದಿದ್ದೂ ಪಾಸ್‌ಬುಕ್ಕಿನಲ್ಲಿ ಇಲ್ಲ ಎಂದಾದರೆ, ರಿಟರ್ನ್‌ನಲ್ಲಿ ರೀಫಂಡ್‌ಗೆಂದು ಯಾವ ಖಾತೆ ಗುರುತಿಸಿದ್ದಿರಿ ಎಂದು ನೋಡಿ. ಸಂಬಳದ ಖಾತೆಯನ್ನು ದಿನವೂ ತೆರೆದು ನೋಡುತ್ತಿರುವವರ ಹಣ ಊರಿನ ಹಳೆಯ ಉಳಿತಾಯ ಖಾತೆಗೆ ಬಿದ್ದಿರುವುದು ಅಪರೂಪವಲ್ಲ. ಸ್ಟೇಟ್‌ಮೆಂಟಿನಲ್ಲಿ ಅದು ITDTAX REFUND ಎಂಬಂಥ ಬರಹದೊಂದಿಗೆ ಕಾಣುತ್ತದೆ. ಅದೇ ಪೋರ್ಟಲ್‌ನಿಂದ ತೆರೆಯಬಹುದಾದ 26ಎಎಸ್ ನಮೂನೆಯಲ್ಲಿ ಪಾವತಿಯಾದ ರೀಫಂಡ್‌ಗಳ ಭಾಗವೊಂದಿದೆ. ಅಲ್ಲಿ ದಿನಾಂಕ ಸಮೇತ ಮೊತ್ತ ಇದ್ದರೆ ಬ್ಯಾಂಕಿಗೆ ಹೋಗಿ ಕೇಳಲು ಅದೇ ಗಟ್ಟಿ ಆಧಾರ.

ಮೇಷ್ಟ್ರ ಮಗ ನವೆಂಬರ್ 28ರಂದು ನೋಡಿದಾಗ ಕಂಡದ್ದು ಮೂರನೆಯ ಬಗೆಯ ಉತ್ತರ: ರೀಫಂಡ್ ವಿಫಲವಾಗಿದೆ. ಇದು ಕೆಟ್ಟ ಸುದ್ದಿಯಂತೆ ಕಾಣುತ್ತದೆ, ಆದರೆ ಬಗೆಹರಿಸಲು ಇದೇ ಸುಲಭದ್ದು. ಹಣ ಕಳೆದುಹೋಗಿಲ್ಲ, ಇಲಾಖೆಗೇ ಹಿಂತಿರುಗಿದೆ.

ಹೆಸರಿನ ಗೋಜಲು

ರೀಫಂಡ್ ವಿಫಲವಾಗಲು ಇಲಾಖೆ ಮುಖ್ಯವಾಗಿ ಹೇಳುವ ಕಾರಣಗಳು ಕೆಲವೇ. ಖಾತೆ ಪರಿಶೀಲನೆಯಾಗಿಲ್ಲ, ಖಾತೆಯ ಹೆಸರು ಪ್ಯಾನ್‌ನಲ್ಲಿರುವ ಹೆಸರಿಗೆ ಹೊಂದುತ್ತಿಲ್ಲ, ಐಎಫ್‌ಎಸ್‌ಸಿ ಸರಿಯಿಲ್ಲ, ಖಾತೆ ಮುಚ್ಚಿದೆ. ಇದರಲ್ಲಿ ಹೆಸರಿನ ವಿಷಯ ನಮ್ಮ ಕಡೆಯವರನ್ನು ವಿಶೇಷವಾಗಿ ಕಾಡುವಂಥದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಷಿಯಲ್ ಇಡುವುದು ರೂಢಿ. ಊರಿನ ಹೆಸರಿಗೆ ಒಂದಕ್ಷರ, ತಂದೆಯ ಹೆಸರಿಗೆ ಒಂದಕ್ಷರ. ಎಚ್. ಕೆ. ರಾಮಪ್ಪ ಎಂಬಂಥ ಹೆಸರು ಶಾಲೆಯ ದಾಖಲೆಯಲ್ಲಿ, ಸರ್ವೀಸ್ ರಿಜಿಸ್ಟರಿನಲ್ಲಿ, ಬ್ಯಾಂಕಿನಲ್ಲಿ ಹಾಗೇ ನಡೆಯುತ್ತದೆ. ಆದರೆ ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರು ಮತ್ತು ಕೊನೆಯ ಹೆಸರಿನ ಜಾಗದಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಅರ್ಜಿ ತುಂಬಿಸಿಕೊಟ್ಟವರು ಊರನ್ನೋ ತಂದೆಯ ಹೆಸರನ್ನೋ ಕೊನೆಯ ಹೆಸರಾಗಿ ಮಾಡಿ ಪೂರ್ತಿ ಬರೆದಿರುತ್ತಾರೆ. ಅದೇ ಅರ್ಜಿಯಲ್ಲಿ, ಕಾರ್ಡಿನ ಮೇಲೆ ಹೆಸರು ಹೇಗೆ ಅಚ್ಚಾಗಬೇಕು ಎಂದು ಬೇರೆಯಾಗಿ ಬರೆಯಲು ಒಂದು ಸಾಲು ಇರುತ್ತದೆ. ಅಲ್ಲಿ ಚಿಕ್ಕದಾಗಿ ಬರೆದಿದ್ದರೆ ಕಾರ್ಡಿನಲ್ಲಿ ಚಿಕ್ಕ ಹೆಸರು, ಇಲಾಖೆಯ ಕಂಪ್ಯೂಟರಿನಲ್ಲಿ ಉದ್ದ ಹೆಸರು. ಮನೆಯಲ್ಲಿ ಕಾರ್ಡನ್ನೂ ಪಾಸ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು "ಎರಡೂ ಒಂದೇ ಇದೆಯಲ್ಲ" ಎಂದು ಹೇಳುವವರು ತಪ್ಪು ಹೇಳುತ್ತಿಲ್ಲ. ಆದರೆ ಪರಿಶೀಲನೆಯಲ್ಲಿ ತಾಳೆ ನೋಡುವುದು ಕಾರ್ಡನ್ನಲ್ಲ, ದಾಖಲೆಯನ್ನು. ಆ ದಾಖಲೆಯ ಹೆಸರು ಪೋರ್ಟಲ್‌ನ My Profile ಪುಟದಲ್ಲೂ 26ಎಎಸ್‌ನ ತಲೆಭಾಗದಲ್ಲೂ ಕಾಣುತ್ತದೆ. ಹೋಲಿಸಬೇಕಾದದ್ದು ಅದನ್ನು.

ಮೇಷ್ಟ್ರ ವಿಷಯದಲ್ಲೂ ಆದದ್ದು ಇದೇ. ರಿಟರ್ನ್ ಹಾಕುವ ಹೊತ್ತಿಗೆ ಪಿಂಚಣಿ ಖಾತೆಯನ್ನು ಮಗ ಹೊಸದಾಗಿ ಸೇರಿಸಿದ್ದ. ಪರಿಶೀಲನೆ ನಡೆಯುತ್ತಿದೆ ಎಂದು ಪೋರ್ಟಲ್ ತೋರಿಸಿತ್ತು, ರಿಟರ್ನ್ ಹೋಯಿತು, ಮತ್ತೆ ಆ ಪುಟವನ್ನು ಯಾರೂ ತೆರೆಯಲಿಲ್ಲ. ಎರಡೇ ದಿನದಲ್ಲಿ ಅದು ವಿಫಲ ಎಂದಾಗಿತ್ತು. ಪ್ಯಾನ್ ದಾಖಲೆಯಲ್ಲಿ ತಂದೆಯ ಹೆಸರು ಪೂರ್ತಿ, ಬ್ಯಾಂಕಿನಲ್ಲಿ ಎರಡು ಇನಿಷಿಯಲ್. ಮೇಷ್ಟ್ರು ಶಾಖೆಗೆ ಹೋದಾಗ ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ, "ಮೇಷ್ಟ್ರೇ, ನಿಮ್ಮ ಖಾತೆ ಕೈಬರಹದ ಲೆಜರಿನ ಕಾಲದ್ದು. ಆಗ ಬರೆದ ಹೆಸರೇ ಇವತ್ತಿಗೂ ಇದೆ. ಪ್ಯಾನ್ ಬೇರೆ ಕೊಟ್ಟಿದ್ದೀರಿ, ಹೆಸರು ಬದಲಾಯಿಸಿಲ್ಲ" ಎಂದರು. ಪ್ಯಾನ್ ಮತ್ತು ಆಧಾರ್ ಪ್ರತಿ, ಹೆಸರು ತಿದ್ದುಪಡಿಯ ಅರ್ಜಿ, ಕೆವೈಸಿ ನಮೂನೆ ಕೊಟ್ಟು ಬಂದರು.

ಇಲ್ಲಿ ಒಂದು ತೀರ್ಮಾನ ಮಾಡಬೇಕಾಗುತ್ತದೆ: ಬ್ಯಾಂಕಿನಲ್ಲಿ ತಿದ್ದಿಸುವುದೋ, ಪ್ಯಾನ್‌ನಲ್ಲೋ? ಆಧಾರ್‌ನಲ್ಲಿ ಹೆಸರು ಯಾವ ರೂಪದಲ್ಲಿದೆ ಎಂದು ನೋಡಿ ಅತ್ತ ವಾಲುವುದು ಒಳ್ಳೆಯದು. ಆಧಾರ್ ಮತ್ತು ಪ್ಯಾನ್ ಒಂದೇ ಆಗಿದ್ದರೆ ಬ್ಯಾಂಕಿನದನ್ನು ತಿದ್ದಿಸುವುದೇ ಹತ್ತಿರದ ದಾರಿ. ಪ್ಯಾನ್‌ನಲ್ಲೇ ಕಾಗುಣಿತ ತಪ್ಪಿದ್ದರೆ ಅದನ್ನು ಸರಿಮಾಡಿಸದೆ ಬೇರೆ ದಾರಿಯಿಲ್ಲ.

ನನ್ನ ಅಭಿಪ್ರಾಯದಲ್ಲಿ ಇದು ನ್ಯಾಯವಾದ ವ್ಯವಸ್ಥೆಯಲ್ಲ. ಅದೇ ಪ್ಯಾನ್ ಇಟ್ಟುಕೊಂಡು, ಅದೇ ಹೆಸರಿನ ಖಾತೆಯಿಂದ ತೆರಿಗೆ ಮುರಿದುಕೊಳ್ಳುವಾಗ ಇನಿಷಿಯಲ್ ಯಾರಿಗೂ ಅಡ್ಡಬರಲಿಲ್ಲ. ವಾಪಸು ಕೊಡುವಾಗ ಮಾತ್ರ ಎಪ್ಪತ್ತರ ಹತ್ತಿರದ ಮನುಷ್ಯ ಅರ್ಜಿ ಹಿಡಿದು ಶಾಖೆಗೆ ಹೋಗಬೇಕು. ಹಣ ಬೇರೆಯವರ ಖಾತೆಗೆ ಹೋಗಬಾರದೆಂಬ ಎಚ್ಚರ ಬೇಕೇ ಬೇಕು. ಆದರೆ ಪ್ಯಾನ್ ದಾಖಲೆಯಲ್ಲಿ ಹೆಸರು ಹೀಗಿದೆ, ಬ್ಯಾಂಕಿನಲ್ಲಿ ಹೀಗಿದೆ ಎಂದು ಎರಡನ್ನೂ ಬರೆದು ತಿಳಿಸಿದರೆ ಜನರ ಅಲೆದಾಟ ಎಷ್ಟೋ ತಪ್ಪುತ್ತದೆ.

ಐಎಫ್‌ಎಸ್‌ಸಿ ವಿಷಯದಲ್ಲೂ ಕರ್ನಾಟಕದವರಿಗೆ ಸ್ವಲ್ಪ ಹೆಚ್ಚಿನ ಪಾಡು. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಊರಿನ ಶಾಖೆ ಅದೇ ಕಟ್ಟಡದಲ್ಲಿದ್ದರೂ ಸಂಕೇತ ಬದಲಾಯಿತು. SYNB, CORP, VIJB ಎಂದು ಆರಂಭವಾಗುವ ಸಂಕೇತ ಇನ್ನೂ ನಿಮ್ಮ ಹಳೆಯ ಚೆಕ್ ಪುಸ್ತಕದಲ್ಲೋ ಪೋರ್ಟಲ್‌ನಲ್ಲೋ ಉಳಿದಿದ್ದರೆ ಅದು ಈಗ ನಡೆಯುವುದಿಲ್ಲ. ಒಮ್ಮೆ ಪರಿಶೀಲನೆಯಾದ ಖಾತೆ ಸದಾಕಾಲಕ್ಕೂ ಸರಿ ಎಂದುಕೊಳ್ಳುವ ಹಾಗಿಲ್ಲ. ಶಾಖೆ, ಹೆಸರು, ಸಂಕೇತ ಯಾವುದು ಬದಲಾದರೂ ಮತ್ತೆ ಪರಿಶೀಲನೆ ಮಾಡಿಸಬೇಕು.

ಮತ್ತೆ ಕೇಳುವ ಕ್ರಮ

ಬ್ಯಾಂಕಿನಲ್ಲಿ ಹೆಸರು ತಿದ್ದಿದ ಮೇಲೆ ಪೋರ್ಟಲ್‌ನಲ್ಲಿ My Profile, ಅದರೊಳಗೆ My Bank Account ತೆರೆದು ಆ ಖಾತೆಯ ಎದುರಿನ Re-Validate ಒತ್ತಬೇಕು. ಇದು ಆಗಿ ಖಾತೆಯ ಎದುರು Validated ಎಂದು ಬರುವವರೆಗೆ ಮುಂದಿನ ಹೆಜ್ಜೆಗೆ ಕೈಹಾಕಬಾರದು. ಅವಸರಪಟ್ಟರೆ ಎರಡನೆಯ ಸಲವೂ ಹಣ ಹಿಂದಕ್ಕೆ ಹೋಗುತ್ತದೆ. ಅಲ್ಲೇ Nominate for Refund ಎಂಬ ಗುಂಡಿಯೂ ಇದೆ, ಅದು ಈ ಖಾತೆಯ ಎದುರು ಚಾಲೂ ಆಗಿರಬೇಕು. ಬ್ಯಾಂಕಿನ ಕೆಲಸ ಬೇಗ ಆಗುವ ಹಾಗಿಲ್ಲದಿದ್ದರೆ, ಈಗಾಗಲೇ ಪರಿಶೀಲನೆಯಾದ ನಿಮ್ಮದೇ ಬೇರೆ ಖಾತೆಯಿದ್ದರೆ ಅದನ್ನು ಆರಿಸಿಕೊಳ್ಳಬಹುದು. ಹೆಂಡತಿಯದೋ ಮಗನದೋ ಖಾತೆ ಕೊಟ್ಟರೆ ಆಗುವುದಿಲ್ಲ.

ಆಮೇಲೆ Services ಪಟ್ಟಿಯಲ್ಲಿ Refund Reissue, ಅದರಲ್ಲಿ Create Refund Reissue Request. ವಿಫಲವಾದ ರೀಫಂಡ್ ವರ್ಷ ಸಮೇತ ಅಲ್ಲಿ ಕಾಣುತ್ತದೆ. ಅದನ್ನು ಆರಿಸಿ, ಖಾತೆ ಆರಿಸಿ, ಆಧಾರ್ ಒಟಿಪಿಯಿಂದ ದೃಢೀಕರಿಸಿದರೆ ಅರ್ಜಿ ಮುಗಿಯಿತು. ಆ ಪುಟದಲ್ಲಿ ಏನೂ ಕಾಣದಿದ್ದರೆ ವಿಫಲವಾದ ದಾಖಲೆ ಇನ್ನೂ ಬಂದಿಲ್ಲ ಎಂದು ತಿಳಿಯಬೇಕು. ಆಗ ಈ ದಾರಿ ಹಿಡಿಯುವ ಹಾಗಿಲ್ಲ, ದೂರಿನ ದಾರಿ ಹಿಡಿಯಬೇಕು. ಮೇಷ್ಟ್ರ ಅರ್ಜಿ ಹೋದದ್ದು ಡಿಸೆಂಬರ್ 8ರಂದು. ತಿಂಗಳು ಮುಗಿಯುವ ಮೊದಲು 19,044 ರೂಪಾಯಿ ಪಿಂಚಣಿ ಖಾತೆಗೆ ಬಂತು.

ಬಡ್ಡಿಯ ಲೆಕ್ಕವನ್ನೂ ಇಲ್ಲಿ ಹೇಳಬೇಕು. ಗಡುವಿನೊಳಗೆ ಸಲ್ಲಿಸಿದ ರಿಟರ್ನ್ ಆದರೆ ಏಪ್ರಿಲ್ 1ರಿಂದ ರೀಫಂಡ್ ಮಂಜೂರಾದ ದಿನದವರೆಗೆ ತಿಂಗಳಿಗೆ ಅರ್ಧ ಪರ್ಸೆಂಟ್, ತಿಂಗಳಿನ ಭಾಗವನ್ನೂ ಇಡೀ ತಿಂಗಳೆಂದೇ ಎಣಿಸುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳು, ಮೂರೂವರೆ ಪರ್ಸೆಂಟ್, 18,400ಕ್ಕೆ 644 ರೂಪಾಯಿ. ರೀಫಂಡ್ ಮೊತ್ತ ಒಟ್ಟು ತೆರಿಗೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಬಡ್ಡಿಯಿಲ್ಲ. ನಮ್ಮ ಕಡೆಯಿಂದಾದ ತಡದ ಅವಧಿಗೂ ಕಾನೂನು ಬಡ್ಡಿ ಕೊಡಿಸುವುದಿಲ್ಲ. ಹೆಸರು ಹೊಂದದೆ ಹಣ ನಿಂತ ಆ ಎರಡು ತಿಂಗಳಿಗೆ ಮೇಷ್ಟ್ರಿಗೆ ಬಿಡಿಗಾಸೂ ಸೇರಲಿಲ್ಲ. ಕಾಯುವುದರಿಂದ ಬಡ್ಡಿ ಬೆಳೆಯುತ್ತದೆ ಎಂದು ಸುಮ್ಮನಿರುವವರು ಇದನ್ನು ಗಮನಿಸಬೇಕು.

ಖಾತೆ ಸರಿಯಿದ್ದೂ ಬಾರದಿದ್ದರೆ

ಖಾತೆಯಲ್ಲಿ ದೋಷವಿಲ್ಲ, ವಿಫಲ ಎಂದೂ ಇಲ್ಲ ಎಂದಾದರೆ ಎರಡು ವಿಷಯ ನೋಡಬೇಕು. ಒಂದು, ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ ಎಂಬುದು. 2023ರ ಜುಲೈ 1ರಿಂದ, ಜೋಡಿಸದ ಪ್ಯಾನ್ ನಿಷ್ಕ್ರಿಯ. ನಿಷ್ಕ್ರಿಯ ಪ್ಯಾನ್‌ಗೆ ರೀಫಂಡ್ ಕೊಡುವುದಿಲ್ಲ, ಆ ಅವಧಿಗೆ ಬಡ್ಡಿಯನ್ನೂ ಕೊಡುವುದಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಇಲ್ಲಿ ಎಚ್ಚರ ವಹಿಸಬೇಕು. ಅನಿವಾಸಿಗಳಿಗೆ ಜೋಡಣೆಯಿಂದ ವಿನಾಯಿತಿ ಇದೆ, ಆದರೆ ಪ್ಯಾನ್ ದಾಖಲೆಯಲ್ಲಿ ಅವರು ಇನ್ನೂ ನಿವಾಸಿ ಎಂದೇ ಇದ್ದರೆ ಆ ವಿನಾಯಿತಿ ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಎರಡನೆಯದು ಹಳೆಯ ಬಾಕಿ. ನಿಮ್ಮ ಮೇಲೆ ಹಿಂದಿನ ವರ್ಷದ ತೆರಿಗೆ ಬಾಕಿ ಇದೆ ಎಂದು ದಾಖಲೆಯಲ್ಲಿದ್ದರೆ, ರೀಫಂಡನ್ನು ಅದಕ್ಕೆ ಹೊಂದಿಸಿಕೊಳ್ಳಲು 1961ರ ಕಾಯ್ದೆಯ 245ನೇ ಕಲಂ ಅವಕಾಶ ಕೊಡುತ್ತದೆ. ಅದಕ್ಕೆ ಮೊದಲು ನೋಟಿಸ್ ಬರುತ್ತದೆ, ಉತ್ತರಿಸಲು 21 ದಿನ. ಉತ್ತರಿಸದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. Pending Actions ಒಳಗೆ Response to Outstanding Demand ತೆರೆದರೆ ಬಾಕಿಯ ವರ್ಷವೂ ಮೊತ್ತವೂ ಕಾಣುತ್ತವೆ. ಅದು ಕಟ್ಟಿ ಮುಗಿದದ್ದಾಗಿದ್ದರೆ ಚಲನ್ ಸಮೇತ ಅಲ್ಲೇ ಆಕ್ಷೇಪಣೆ ಸಲ್ಲಿಸಬೇಕು. 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ 2009-10ರವರೆಗಿನ 25,000 ರೂಪಾಯಿಯೊಳಗಿನ ಬಾಕಿಗಳನ್ನೂ, 2010-11ರಿಂದ 2014-15ರವರೆಗಿನ 10,000 ರೂಪಾಯಿಯೊಳಗಿನ ಬಾಕಿಗಳನ್ನೂ ಕೈಬಿಡುವುದಾಗಿ ಸರ್ಕಾರ ಹೇಳಿತು. ಅಂಥ ಹಳೆಯ ಚಿಕ್ಕ ಬಾಕಿಗೆ ನಿಮ್ಮ ರೀಫಂಡ್ ಹೋಗಿದ್ದರೆ ಕೇಳುವುದು ನಿಮ್ಮ ಹಕ್ಕು.

ಇವೆರಡೂ ಇಲ್ಲದಿದ್ದರೆ ದೂರು ಕೊಡಿ. ಸಿಪಿಸಿ ಬೆಂಗಳೂರಿನಲ್ಲೇ ಇದೆಯಲ್ಲ ಎಂದು ಬಸ್ಸು ಹತ್ತಿ ಹೋಗಿ ಪ್ರಯೋಜನವಿಲ್ಲ. ತೆರಿಗೆದಾರರ ಮುಖ ನೋಡದೆ ಕೆಲಸ ಮಾಡಲೆಂದೇ ಕಟ್ಟಿದ ಕಚೇರಿ ಅದು. ಫೋನಿನಲ್ಲಿ ಕೇಳಲು 1800 103 0025 ಅಥವಾ 1800 419 0025 ಇವೆ. ಬರಹದ ದೂರಿಗೆ ಪೋರ್ಟಲ್‌ನ Grievances ಪಟ್ಟಿಯಲ್ಲಿ Submit Grievance ಇದೆ. ದೂರು ಚಿಕ್ಕದಾಗಿದ್ದಷ್ಟೂ ಒಳ್ಳೆಯದು: ರಿಟರ್ನ್‌ನ ಸ್ವೀಕೃತಿ ಸಂಖ್ಯೆ, ವರ್ಷ, ಸೂಚನಾಪತ್ರದ ದಿನಾಂಕ, ನಿಗದಿಯಾದ ಮೊತ್ತ, ಖಾತೆ ಪರಿಶೀಲನೆಯಾದ ದಿನಾಂಕ, ಇಂದಿನವರೆಗೆ ಹಣ ಬಂದಿಲ್ಲ ಎಂಬ ಒಂದು ಸಾಲು. ಜೊತೆಗೆ ಸೂಚನಾಪತ್ರ ಮತ್ತು ಆ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. "ಪರಿಹರಿಸಲಾಗಿದೆ" ಎಂಬ ಉತ್ತರ ಬಂದೂ ಹಣ ಬರದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್ pgportal.gov.in ನಲ್ಲಿ ಹಳೆಯ ದೂರಿನ ಸಂಖ್ಯೆ ಸಮೇತ ಮತ್ತೆ ಬರೆಯಿರಿ.

ಹೀಗೆ ಹಣಕ್ಕೆ ಕಾಯುತ್ತಿರುವವರನ್ನೇ ಹುಡುಕಿ ಮೋಸ ಮಾಡುವವರಿದ್ದಾರೆ. "ನಿಮ್ಮ ರೀಫಂಡ್ ಮಂಜೂರಾಗಿದೆ, ಖಾತೆ ಸರಿಪಡಿಸಲು ಇಲ್ಲಿ ಒತ್ತಿ" ಎಂಬ ಲಿಂಕ್ ಮೊಬೈಲಿಗೆ ಬಂದರೆ ಒತ್ತಬೇಡಿ. ಇಲಾಖೆ ಪಿನ್, ಒಟಿಪಿ, ಕಾರ್ಡ್ ಸಂಖ್ಯೆ ಕೇಳುವುದಿಲ್ಲ. ಖಾತೆ ತಿದ್ದುವುದಿದ್ದರೆ incometax.gov.in ಎಂದು ನೀವೇ ಟೈಪ್ ಮಾಡಿ ಒಳಹೋಗಿ.

ಹಣ ಬಂದ ಮೇಲೆ ಉಳಿಯುವ ಕೆಲಸ ಒಂದೇ. ಮೂಲ ರೀಫಂಡ್ ಆದಾಯವಲ್ಲ, ಅದರ ಮೇಲಿನ ಬಡ್ಡಿ ಆದಾಯ. 2025ರ ಡಿಸೆಂಬರ್‌ನಲ್ಲಿ ಬಂದ ಆ 644 ರೂಪಾಯಿಯನ್ನು ಮೇಷ್ಟ್ರು 2025-26ನೇ ಸಾಲಿನ ರಿಟರ್ನ್‌ನಲ್ಲಿ ಇತರ ಮೂಲಗಳ ಆದಾಯದಲ್ಲಿ ತೋರಿಸಬೇಕು. ನೀವೂ ತೋರಿಸಿ.